ಬಾಡಿಗೆ ದಂಡ, ಕಂತು ಉಳಿತಾಯವೇ?

‘ಬಾಡಿಗೆ ಕಟ್ಟೋದು ದಂಡ. ಅದೇ ದುಡ್ಡಲ್ಲಿ ಕಂತು ಕಟ್ಟಿದ್ರೆ ಮನೆಯಾದ್ರೂ ನಮ್ಮದಾಗುತ್ತೆ’ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ಒಪ್ಪುವ ಮುನ್ನ ಲೆಕ್ಕ ಹಾಕಿ ನೋಡಿ.

ಯಜಮಾನರ ಕೆಲಸ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಹತ್ತಿರದ ಫ್ಲ್ಯಾಟಿಗೆ ಬಾಡಿಗೆ 25,000 ರೂ. ಎಂದಿಟ್ಟುಕೊಳ್ಳಿ. ದೂರದ ಅತ್ತಿಬೆಲೆಯಲ್ಲಿ ಪುಟ್ಟ ಮನೆ ಕೊಳ್ಳಲು ಶೇ 8.5ರ ಬಡ್ಡಿಗೆ 20 ವರ್ಷದ ಅವಧಿಗೆ 40 ಲಕ್ಷ ಸಾಲ ಮಾಡಿದರೆ, ತಿಂಗಳ ಕಂತು ಸುಮಾರು 34,700 ರೂ. ಮೊದಲ ಕಂತಿನಲ್ಲಿ 28,300 ರೂ. ಬರೀ ಬಡ್ಡಿ! ಅಸಲಿಗೆ ಹೋಗೋದು 6,400 ರೂ. ಮಾತ್ರ. ಹತ್ತು ವರ್ಷ ತಪ್ಪದೇ ಕಟ್ಟಿದ ಮೇಲೂ ಸುಮಾರು 28 ಲಕ್ಷ ಬಾಕಿ ಇರುತ್ತೆ. ಆದ್ದರಿಂದ ಬಾಡಿಗೆಯನ್ನು ಇಡೀ ಕಂತಿನ ಜತೆಗಲ್ಲ, ಅದರಲ್ಲಿನ ಬಡ್ಡಿಯ ಜತೆ ಹೋಲಿಸಿ. ಬಡ್ಡಿಗೆ ದಿನದ ಓಡಾಟದ ಖರ್ಚನ್ನೂ ಸೇರಿಸಿ.

ಹಾಗಂತ ಬಾಡಿಗೆಯೇ ಸದಾ ಲಾಭವೆಂದಲ್ಲ. ಅದು ವರ್ಷ ವರ್ಷ ಏರುತ್ತೆ, ಬಡ್ಡಿಯ ಪಾಲು ಇಳಿಯುತ್ತಾ ಹೋಗುತ್ತೆ. ಹದಿನೈದು ವರ್ಷ ಅಲ್ಲೇ ನೆಲೆಸುವುದಾದರೆ ಕೊಳ್ಳುವ ಯೋಚನೆ ಮಾಡಿ. ನಾಲ್ಕೈದು ವರ್ಷದಲ್ಲಿ ಕೆಲಸವೋ ಮಕ್ಕಳ ಶಾಲೆಯೋ ಬದಲಾಗುವಂತಿದ್ದರೆ ಬಾಡಿಗೆಯೇ ವಾಸಿ. ಸಹಿ ಹಾಕುವ ಮುನ್ನ ತಿಂಗಳುವಾರು ಅಸಲು–ಬಡ್ಡಿ ಪಟ್ಟಿಯನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ.