ಕನಿಷ್ಠ ವೇತನ: ತುಟ್ಟಿಭತ್ಯೆ ಏರಿದರೂ ಕೂಲಿ ನಿಂತಲ್ಲೇ ನಿಂತಿದ್ದೇಕೆ?

2024ರ ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರದ ವ್ಯಾಪ್ತಿಯಲ್ಲಿ ಕಸ ಗುಡಿಸುವ, ಸರಕು ಹೇರಿ ಇಳಿಸುವ ಕೌಶಲರಹಿತ ಕಾರ್ಮಿಕರ ಕನಿಷ್ಠ ಕೂಲಿ ದಿನಕ್ಕೆ 783 ರೂಪಾಯಿಗೆ ಏರಿತು. ಇದು ‘ಎ’ ಪ್ರದೇಶದ ದರ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು ಈ ಪಟ್ಟಿಯಲ್ಲಿವೆ. ಮೇಲ್ನೋಟಕ್ಕೆ ಇದು ಕೂಲಿ ಹೆಚ್ಚಳ. ಆದರೆ ಮೊತ್ತವನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆಯೇ ಆಗಿದೆ.

783ರಲ್ಲಿ ಏನೇನಿದೆ?

ಇದರಲ್ಲಿ 523 ರೂಪಾಯಿ ಮೂಲ ದರ. ಅದು ನಿಗದಿಯಾಗಿದ್ದು 2017ರ ಜನವರಿಯಲ್ಲಿ. ಉಳಿದ 260 ರೂಪಾಯಿ ತುಟ್ಟಿಭತ್ಯೆ. ಅಂದರೆ ಏಳು ವರ್ಷಗಳಲ್ಲಿ ಸೇರಿದ್ದೆಲ್ಲ ಬೆಲೆ ಏರಿಕೆಯನ್ನು ಸರಿದೂಗಿಸುವ ಹಣವೇ. ಕೂಲಿಯ ಕೊಳ್ಳುವ ಶಕ್ತಿ ಹೆಚ್ಚುಕಡಿಮೆ 2017ರ ಮಟ್ಟದಲ್ಲೇ ಉಳಿದಿದೆ.

ತುಟ್ಟಿಭತ್ಯೆ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಆರು ತಿಂಗಳ ಸರಾಸರಿಯೇ ಇದಕ್ಕೆ ಆಧಾರ. ಜನವರಿಯಿಂದ ಜೂನ್‌ವರೆಗಿನ ಸರಾಸರಿ ಅಕ್ಟೋಬರ್‌ನ ಭತ್ಯೆಯನ್ನು ನಿರ್ಧರಿಸುತ್ತದೆ. ಹೀಗಾಗಿ ಜುಲೈನಲ್ಲಿ ತರಕಾರಿ ದುಬಾರಿಯಾದರೆ ಅದರ ಪರಿಹಾರ ಕೈಗೆ ಸಿಗುವುದು ಮುಂದಿನ ಏಪ್ರಿಲ್‌ನ ಕೂಲಿಯಲ್ಲಿ.

ಮೂಲ ದರ ಮಾತ್ರ ತಾನಾಗಿ ಏರುವುದಿಲ್ಲ. ಅದಕ್ಕೆ ಸರ್ಕಾರವೇ ಹೊಸ ಅಧಿಸೂಚನೆ ಹೊರಡಿಸಬೇಕು. ಐದು ವರ್ಷ ಮೀರದಂತೆ ದರವನ್ನು ಮರುಪರಿಶೀಲಿಸಬೇಕು ಎಂದು 1948ರ ಕನಿಷ್ಠ ವೇತನ ಕಾಯ್ದೆ ಹೇಳುತ್ತಿತ್ತು. ಆ ಲೆಕ್ಕದಲ್ಲಿ 2022ರ ಆರಂಭಕ್ಕೇ ಗಡುವು ಮುಗಿದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ಇದೇ ಐದು ವರ್ಷದ ಮಿತಿಯನ್ನು ಉಳಿಸಿಕೊಂಡಿದೆ.

ಯಾರಿಗೆ ಯಾವ ದರ?

ಒಂದೇ ಊರಿನಲ್ಲಿ ಒಂದೇ ಕೆಲಸಕ್ಕೆ ಎರಡು ದರ ಇರಬಹುದು. ರೈಲು ನಿಲ್ದಾಣ ಗುಡಿಸುವ ಗುತ್ತಿಗೆ ಕಾರ್ಮಿಕನಿಗೆ ಕೇಂದ್ರದ ದರ, ಪಕ್ಕದ ಮಾಲ್ ಗುಡಿಸುವವನಿಗೆ ರಾಜ್ಯದ ದರ. ಪರಿಷ್ಕರಣೆಯ ತಿಂಗಳೂ ಬೇರೆ. ಮಹಾರಾಷ್ಟ್ರದಲ್ಲಿ ಜನವರಿ ಮತ್ತು ಜುಲೈ, ದೆಹಲಿಯಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್. ಕರ್ನಾಟಕ, ತಮಿಳುನಾಡಿನಲ್ಲಿ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಮಾತ್ರ.

ಎಲ್ಲಿ ಕೈತಪ್ಪುತ್ತದೆ?

ಕೇಂದ್ರದ ದಿನಗೂಲಿಯಲ್ಲಿ ವಾರದ ರಜೆಯ ವೇತನವೂ ಸೇರಿದೆ. ಹಾಗಾಗಿ ತಿಂಗಳ ವೇತನವೆಂದರೆ 783ರ 26 ಪಟ್ಟು, ಅಂದರೆ 20,358 ರೂಪಾಯಿ. ಗುತ್ತಿಗೆದಾರ ಇದನ್ನು 30ರಿಂದ ಭಾಗಿಸಿ ಕೆಲಸ ಮಾಡಿದ ದಿನಗಳಿಗಷ್ಟೇ ಹಣ ಕೊಟ್ಟರೆ ದಿನಗೂಲಿ ಸುಮಾರು 679 ರೂಪಾಯಿಗೆ ಇಳಿಯುತ್ತದೆ. 20 ದಿನ ದುಡಿದವನಿಗೆ 15,660 ರೂಪಾಯಿ ಬರಬೇಕಾದಲ್ಲಿ 13,572 ರೂಪಾಯಿ ಸಿಗುತ್ತದೆ. ನಷ್ಟ 2,088 ರೂಪಾಯಿ.

ಇದನ್ನು ಪತ್ತೆ ಹಚ್ಚಲು ವೇತನ ಚೀಟಿಯೇ ಸಾಕು. ಒಟ್ಟು ಕೂಲಿಯನ್ನು ದುಡಿದ ದಿನಗಳಿಂದ ಭಾಗಿಸಿದಾಗ ಬರುವ ಮೊತ್ತ ಅಧಿಸೂಚಿತ ದರಕ್ಕಿಂತ ಕಡಿಮೆ ಇರಬಾರದು. ಗುತ್ತಿಗೆದಾರ ಬಾಕಿ ಉಳಿಸಿಕೊಂಡರೆ ಅದನ್ನು ತುಂಬಿಕೊಡುವ ಹೊಣೆ ಕೆಲಸ ಕೊಟ್ಟ ಮೂಲ ಸಂಸ್ಥೆಯದು. ಆದರೆ ಲೆಕ್ಕ ಎಷ್ಟೇ ಸರಿಯಿದ್ದರೂ, ಮೂಲ ದರ ಬದಲಾಗದೆ ಕಾರ್ಮಿಕನ ಬದುಕು 2017ರಿಂದ ಮುಂದೆ ಸಾಗದು.