ಅಪರೂಪದ ವಂಚನೆಯ ಪತ್ತೆ: ಶಂಕೆಯ ಪಟ್ಟಿ ತೀರ್ಪಲ್ಲ

ಪಾವತಿಗಳಲ್ಲಿನ ವಂಚನೆಯನ್ನು ಪತ್ತೆಹಚ್ಚುವ ತಂತ್ರಾಂಶವನ್ನು ಶೇ. 99ರ ನಿಖರತೆಯ ಭರವಸೆಯ ಮೇಲೆ ಕೊಳ್ಳುವುದು ತರವಲ್ಲ. ಯುರೋಪಿನ ಕಾರ್ಡುದಾರರು 2013ರ ಸೆಪ್ಟೆಂಬರ್‌ನಲ್ಲಿ ಎರಡು ದಿನ ನಡೆಸಿದ 2,84,807 ವ್ಯವಹಾರಗಳ ದತ್ತಾಂಶವೊಂದು ಸಂಶೋಧಕರಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿದ್ದ ವಂಚನೆಗಳು ಕೇವಲ 492. ಎಲ್ಲವೂ ಸಾಚಾ ಎಂದು ಬರೆದುಕೊಟ್ಟರೂ ನಿಖರತೆ ಶೇ. 99.8, ಸಿಕ್ಕಿಬಿದ್ದ ವಂಚನೆ ಮಾತ್ರ ಸೊನ್ನೆ.

ಇದೇ ದತ್ತಾಂಶದಲ್ಲಿ ಒಂದು ವಿಧಾನವು ಶೇ. 80ರಷ್ಟು ವಂಚನೆಗಳನ್ನು ಹಿಡಿದು, ಸಾಚಾ ವ್ಯವಹಾರಗಳಲ್ಲಿ ಶೇ. 1ರಷ್ಟನ್ನು ಮಾತ್ರ ತಪ್ಪಾಗಿ ಶಂಕಿಸಿತೆಂದು ಭಾವಿಸೋಣ. ಆಗ ಸುಮಾರು 394 ವಂಚನೆಗಳ ಜೊತೆಗೆ 2,843 ನಿರಪರಾಧಿ ವ್ಯವಹಾರಗಳೂ ಪಟ್ಟಿಗೆ ಬರುತ್ತವೆ. ಎಂಟು ಶಂಕೆಗಳಲ್ಲಿ ಏಳು ಹುಸಿ.

ಕಲಿಸಲು ಹಳೆಯ ವಂಚನೆಗಳ ಉದಾಹರಣೆಗಳೇ ಸಾಲದಿರುವಾಗ, ಯಾವುದು ಅಸಹಜ ಎಂಬುದನ್ನಷ್ಟೇ ಕಂಪ್ಯೂಟರ್ ಹುಡುಕಬಲ್ಲದು. 2008ರಲ್ಲಿ ಪ್ರಕಟವಾದ ಐಸೊಲೇಷನ್ ಫಾರೆಸ್ಟ್ ವಿಧಾನವು ಕೆಲವು ನೂರು ವೋಚರುಗಳನ್ನು ಆರಿಸಿಕೊಂಡು, ಮೊತ್ತ, ವೇಳೆ ಮುಂತಾದ ಯಾವುದಾದರೊಂದು ಅಂಶದಲ್ಲಿ ಮನಬಂದೆಡೆ ಗೆರೆ ಎಳೆದು ಇಬ್ಭಾಗಿಸುತ್ತ ಹೋಗುತ್ತದೆ. ಹೀಗೆ ನೂರಾರು ಬಾರಿ ಮಾಡಿದಾಗ, ಸರಾಸರಿ ಕೆಲವೇ ಗೆರೆಗಳಲ್ಲಿ ಒಂಟಿಯಾಗಿ ಉಳಿಯುವ ವೋಚರು ಶಂಕಾಸ್ಪದವಾಗುತ್ತದೆ. ಸಾಂದ್ರತೆಯನ್ನು ಆಧರಿಸಿದ ವಿಧಾನವು ಪ್ರತಿಯೊಂದು ವೋಚರನ್ನೂ ಅದರ ಸಮೀಪದ ವೋಚರುಗಳೊಡನೆ ಮಾತ್ರ ಹೋಲಿಸುತ್ತದೆ.

ಸಂಸ್ಥೆಯೊಂದರ ಸಾಗಣೆ ಬಿಲ್ಲುಗಳು ಸದಾ 4,800ರಿಂದ 5,200 ರೂಪಾಯಿಗಳೊಳಗೆ, ಕಚ್ಚಾಮಾಲಿನ ಬಿಲ್ಲುಗಳು 2ರಿಂದ 6 ಲಕ್ಷದವರೆಗೆ ಇವೆ ಎನ್ನೋಣ. ಮೊತ್ತವನ್ನಷ್ಟೇ ನೋಡಿದರೆ, 9,000 ರೂಪಾಯಿಯ ಸಾಗಣೆ ಬಿಲ್ಲನ್ನು ಮೊದಲ ವಿಧಾನ ಗಮನಿಸದೆ ಬಿಡುವ ಸಂಭವವೇ ಹೆಚ್ಚು. ಲಕ್ಷಗಳ ಹರವಿನಲ್ಲಿ ನಾಲ್ಕು ಸಾವಿರದ ಅಂತರದೊಳಗೆ ಗೆರೆ ಬೀಳುವುದು ವಿರಳ. ನೆರೆಯೊಡನೆ ಹೋಲಿಸುವ ವಿಧಾನಕ್ಕೆ ಅದು ಒಡನೆ ಕಾಣುತ್ತದೆ. ಆದರೆ ಅಂತಹುದೇ ಮೂವತ್ತು ಸುಳ್ಳು ಬಿಲ್ಲುಗಳು ಒಟ್ಟಾಗಿ ಬಂದರೆ, ಅವು ಒಂದಕ್ಕೊಂದು ನೆರೆಯಾಗಿ, ಇಪ್ಪತ್ತು ನೆರೆಗಳನ್ನು ಮಾತ್ರ ನೋಡುವ ಲೆಕ್ಕದಲ್ಲಿ ಸಹಜವೆನಿಸಿಬಿಡುತ್ತವೆ.

ಮಂಜೂರಾತಿ ಮಿತಿಗೆ ಸಿಗದಂತೆ ಒಂದೇ ಖರೀದಿಯನ್ನು ನಾಲ್ಕು ಬಿಲ್ಲುಗಳಾಗಿ ಒಡೆದರೆ ಎರಡೂ ವಿಧಾನಗಳು ಸೋಲುತ್ತವೆ, ಏಕೆಂದರೆ ಬಿಡಿಬಿಡಿಯಾಗಿ ಪ್ರತಿಯೊಂದೂ ಸಹಜ. ಒಂದು ದಿನ ಒಬ್ಬ ಪೂರೈಕೆದಾರನಿಂದ ಬಂದ ಬಿಲ್ಲುಗಳ ಸಂಖ್ಯೆಯನ್ನು ಪ್ರತ್ಯೇಕ ಅಂಶವಾಗಿ ಒದಗಿಸಿದರೆ ಮಾತ್ರ ಅದು ಬಯಲಾದೀತು. ಅದೇ ವೇಳೆ ವರ್ಷಕ್ಕೊಮ್ಮೆ ಕಟ್ಟುವ ವಿಮಾ ಕಂತು ಪ್ರಾಮಾಣಿಕವಾಗಿದ್ದೂ ಪಟ್ಟಿಯ ತುದಿಗೇರುತ್ತದೆ. ಅಸಹಜವಾದುದೆಲ್ಲ ವಂಚನೆಯಲ್ಲ.

ಆದುದರಿಂದ ಈ ವಿಧಾನಗಳ ಫಲಿತಾಂಶವನ್ನು ಪರಿಶೀಲನೆಯ ಸರದಿಯೆಂದು ತಿಳಿಯುವುದೇ ಸರಿ. ತಿಂಗಳಿಗೆ ಐವತ್ತು ವೋಚರುಗಳನ್ನು ಪರೀಕ್ಷಿಸಬಲ್ಲ ಸಂಸ್ಥೆಯು ನಲವತ್ತನ್ನು ಪಟ್ಟಿಯ ತುದಿಯಿಂದಲೂ ಹತ್ತನ್ನು ಉಳಿದವುಗಳಿಂದ ಚೀಟಿ ಎತ್ತಿದಂತೆಯೂ ಆರಿಸಲಿ. ನಲವತ್ತರಲ್ಲಿ ಎಷ್ಟು ನಿಜವಾಯಿತೆಂಬುದೇ ತಂತ್ರಾಂಶದ ಬೆಲೆ. ಆ ಹತ್ತರಲ್ಲಿ ಒಂದೇ ವಂಚನೆ ಸಿಕ್ಕರೂ ಪಟ್ಟಿ ಬಹಳಷ್ಟನ್ನು ಬಿಟ್ಟಿದೆಯೆಂಬ ಎಚ್ಚರಿಕೆ ಅದು.