ನೀಲಿ ಗುರುತಿನ ನ್ಯಾಯ

ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ತೀರ್ಪು ಬಹಳ ಬೇಗ ಹೊರಬೀಳುತ್ತದೆ. "ನೀಲಿ ಗುರುತು ಬಂದಿದೆ, ಉತ್ತರ ಬಂದಿಲ್ಲ. ಅಂದ್ರೆ ಧಿಮಾಕು." ಹಳೆಯ ಗೆಳತಿಗೆ ಯಾರೂ ಹೀಗೆನ್ನುವುದಿಲ್ಲ. ಅವಳು ವಾರ ಬಿಟ್ಟು ಬರೆದರೂ ಅವಳ ಮನೆಯ ಕಷ್ಟಸುಖ ನಮಗೆ ಗೊತ್ತಿರುತ್ತದೆ. ಹೊಸದಾಗಿ ಪರಿಚಯವಾದವರಿಗೇ ಈ ಶಿಕ್ಷೆ. ಇದು ಅನ್ಯಾಯ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಈ ಅನ್ಯಾಯವನ್ನು ನಾನೇ ಮಾಡಿದ್ದೇನೆ.

ದಾವಣಗೆರೆಯಲ್ಲಿ ನಡೆದ ಒಂದು ತರಬೇತಿಯಲ್ಲಿ ಜಗಳೂರಿನ ಕಡೆಯ ಶಿಕ್ಷಕಿಯೊಬ್ಬರು ಮೂರು ದಿನ ನನ್ನ ಪಕ್ಕದಲ್ಲೇ ಕೂತಿದ್ದರು. ಬುತ್ತಿ ಹಂಚಿಕೊಂಡು ತಿಂದೆವು, ನಂಬರ್ ಕೊಟ್ಟು ತಗೊಂಡೆವು. ಚನ್ನಗಿರಿಗೆ ಮರಳಿದ ಮೇಲೆ ಒಂದು ಬುಧವಾರ ರಾತ್ರಿ ವಾಟ್ಸಾಪ್‌ನಲ್ಲಿ, "ಭಾನುವಾರ ಬನ್ನಿ ಮೇಡಂ, ಸೂಳೆಕೆರೆ ನೋಡಿ ಬರೋಣ, ಊಟ ನಮ್ಮನೇಲೇ" ಎಂದು ಬರೆದೆ. ಹತ್ತು ನಿಮಿಷದಲ್ಲಿ ಗುರುತು ನೀಲಿಯಾಯಿತು. ಉತ್ತರವಿಲ್ಲ. ಗುರುವಾರವೂ ಇಲ್ಲ. ನ್ಯಾಮತಿಯ ನನ್ನ ನಾದಿನಿ ಫೋನಿನಲ್ಲಿ, "ಅವರು ಎರಡು ದಿನ ಕಾಯಿಸಿದ್ರೆ ನೀವು ನಾಲ್ಕು ದಿನ ಕಾಯಿಸಿ ಅತ್ತಿಗೆ" ಎಂದಳು. ಶುಕ್ರವಾರ ಸಂಜೆ ತಡೆಯಲಾರದೆ, "ಬರೋಕಾಗದಿದ್ರೆ ಇರಲಿ" ಎಂದು ಬರೆದೆ. ಮರುನಿಮಿಷವೇ ಉತ್ತರ ಬಂತು: "ಸರಿ ಬಿಡಿ."

ಆ 'ಬಿಡಿ' ನನ್ನ ಎದೆಗೆ ನೆಟ್ಟಿತು. ಒಂದು ತಿಂಗಳು ನಾವಿಬ್ಬರೂ ಮಾತಿಲ್ಲ.

ಆಮೇಲೆ ಹೊನ್ನಾಳಿಯ ಒಂದು ಮದುವೆಯಲ್ಲಿ ಎದುರಾದೆವು. ವಿಷಯ ಹೊರಬಿತ್ತು. ಬುಧವಾರ ರಾತ್ರಿ ಆ ಫೋನು ಅವರ ಮಗಳ ಕೈಯಲ್ಲಿತ್ತು. ನನ್ನ ಸಂದೇಶವನ್ನು ತೆರೆದ ಆ ಹುಡುಗಿ ಅಮ್ಮನಿಗೆ ಹೇಳುವುದನ್ನು ಮರೆತಳು. ಅವರು ನೋಡಿದ್ದು ಶುಕ್ರವಾರವೇ, ಎರಡು ಸಾಲನ್ನೂ ಒಟ್ಟಿಗೆ. "ನೀವೇ ಕರೆದದ್ದನ್ನ ವಾಪಸ್ ತಗೊಂಡ್ರಿ ಅಂದ್ಕೊಂಡೆ ಮೇಡಂ" ಎಂದರು. ನಾನು ಮುನಿಸಿನಲ್ಲಿ ಬರೆದದ್ದನ್ನು ಅವರು ನಿರಾಕರಣೆ ಎಂದು ಓದಿದರು. ಅವರು ನೋವು ನುಂಗಿ ಬರೆದದ್ದನ್ನು ನಾನು ಸೊಕ್ಕು ಎಂದು ಓದಿದೆ.

ಆ ಗುರುತು ನಿಜವಾಗಿ ಹೇಳುವುದೆಷ್ಟು? ಒಂದು ಗೆರೆ ಬಂದರೆ ಸಂದೇಶ ನಮ್ಮ ಫೋನನ್ನು ಬಿಟ್ಟಿದೆ. ಬೂದು ಬಣ್ಣದ ಎರಡು ಗೆರೆ ಎಂದರೆ ಅವರ ಫೋನು ತಲುಪಿದೆ. 2014ರ ನವೆಂಬರಿನಲ್ಲಿ ಬಂದ ನೀಲಿ ಬಣ್ಣದ ಅರ್ಥ, ಆ ಫೋನಿನಲ್ಲಿ ನಮ್ಮ ಮಾತುಕತೆಯ ಪುಟವನ್ನು ಯಾರೋ ತೆರೆದಿದ್ದಾರೆ ಎಂದಷ್ಟೇ. ತೆರೆದವರು ಯಾರು, ಓದಿದರೋ ಇಲ್ಲವೋ, ಒಲೆ ಮೇಲೆ ಹಾಲಿತ್ತೋ ಏನೋ, ಅದು ಹೇಳುವುದಿಲ್ಲ. ತಿರುಗಿ ನೋಡಿದರೆ, ಪರದೆಯ ಮೇಲ್ತುದಿಯಲ್ಲಿ ಇಣುಕುವ ಸಾಲನ್ನೇ ಪೂರ್ತಿ ಓದಿದವರಿಗೆ ನೀಲಿ ಬರುವುದೇ ಇಲ್ಲ. ಈ ಸೌಲಭ್ಯವನ್ನು ನಿಲ್ಲಿಸಿಟ್ಟವರದ್ದೂ ಹಾಗೇ. ಒಂದೇ ಫೋನನ್ನು ಮನೆಮಂದಿಯೆಲ್ಲ ಮುಟ್ಟುವ ನಮ್ಮ ಊರುಗಳಲ್ಲಿ ಇದನ್ನು ಸಾಕ್ಷಿ ಎಂದು ಒಪ್ಪುವುದು ಹೇಗೆ?

ಇನ್ನು ಧಾಟಿಯ ಮಾತು. 'ಬಿಡಿ' ಎಂಬುದನ್ನು ನಗುತ್ತ ಹೇಳಿದರೆ ಸಮಾಧಾನ, ಮುಖ ತಿರುಗಿಸಿ ಹೇಳಿದರೆ ಜಗಳ. 'ಆಯ್ತು', 'ಇರಲಿ', 'ನೋಡೋಣ' ಇವೂ ಹಾಗೆಯೇ. ಇಂಥ ಪದಗಳ ಅರ್ಧ ಅರ್ಥ ದನಿಯಲ್ಲಿದೆ, ಸಂದೇಶಕ್ಕೆ ದನಿಯಿಲ್ಲ. ಹಳೆಯ ಗೆಳತಿಯ ದನಿಯನ್ನು ನಮ್ಮ ಕಿವಿ ತಾನೇ ಸೇರಿಸಿಕೊಳ್ಳುತ್ತದೆ. ಹೊಸಬರ ಸಾಲಿಗೆ ನಾವು ಸೇರಿಸುವುದು ನಮ್ಮ ಅಂದಿನ ಮನಸ್ಥಿತಿಯನ್ನು. ನಮ್ಮ ತಾಯಂದಿರ ಕಾಗದ 'ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು' ಎಂದು ಶುರುವಾಗುತ್ತಿತ್ತು. ಅದನ್ನು ಹಳೇ ಗೊಡ್ಡು ಎಂದು ನಕ್ಕೆವು. ಆದರೆ ಮುಂದಿನ ಮಾತು ಎಷ್ಟೇ ಒಣಕಲಾಗಿದ್ದರೂ ಅದರ ಧಾಟಿಯನ್ನು ಆ ಸಾಲು ಕಾಯುತ್ತಿತ್ತು. ನಾವು ಆ ಸಾಲನ್ನು ಬಿಟ್ಟೆವು, ಒಣಕಲನ್ನು ಉಳಿಸಿಕೊಂಡೆವು.

ಹಾಗಾದರೆ ನಿಜವಾದ ಉದಾಸೀನ ಇಲ್ಲವೇ ಎಂದರೆ, ಇದೆ. ಅದನ್ನು ತಿಳಿಯಲು ಗಡಿಯಾರ ಬೇಡ. ತಡವಾಗಿ ಬಂದ ಉತ್ತರದಲ್ಲಿ ನಿಮ್ಮ ಪ್ರಶ್ನೆಗೆ ಮಾತಿದೆಯೇ, ನಿಮ್ಮನ್ನೂ ಏನಾದರೂ ಕೇಳಿದ್ದಾರೆಯೇ ನೋಡಿ. ಇದ್ದರೆ ಅದು ಬಿಡುವಿಲ್ಲದವರ ತಡ. ನಾಲ್ಕಾರು ಸಲವೂ ಇಲ್ಲದಿದ್ದರೆ ಆಗ ಸುಮ್ಮನಾಗಿ, ಆಕ್ಷೇಪವಿಲ್ಲ. ಆದರೆ ನಾದಿನಿ ಹೇಳಿದಂತೆ ಎರಡಕ್ಕೆ ನಾಲ್ಕು ದಿನ ಕಾಯಿಸುವ ಬಡ್ಡಿ ವ್ಯವಹಾರ ಬೇಡ. ದಿನ ಗೊತ್ತುಮಾಡುವ ಮಾತಿದ್ದರೆ, "ಶುಕ್ರವಾರದೊಳಗೆ ಹೇಳಿ" ಎಂದು ಮೊದಲೇ ಬರೆಯಿರಿ. ಉತ್ತರ ಬಾರದಿದ್ದರೆ ಎರಡನೇ ಸಾಲು ಬರೆಯದೆ ಫೋನ್ ಮಾಡಿ.

ನಾನು ಆ ಶುಕ್ರವಾರ ಎರಡು ನಿಮಿಷ ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಮೊದಲು ಅವರೇ ಮಾಡಲಿ ಎಂದು ಕೂತಿದ್ದೆ. ಧಿಮಾಕು ಯಾರದಾಗಿತ್ತು, ನೀವೇ ಹೇಳಿ.